ರೊಕ್ಕ ಹೋಗೇತಿ, ಚಲನ್ ಬಾಕಿ ಐತಿ: ಜಮಖಂಡಿಯ ಒಂದು ವೇ ಬ್ರಿಜ್ ಶುಲ್ಕದ ಪ್ರಕರಣ

2024ರ ಜನವರಿ 25, ಗುರುವಾರ ಸಂಜೆ. ಜಮಖಂಡಿ ಸುತ್ತಮುತ್ತ ಕಬ್ಬಿನ ಹಂಗಾಮು ಜೋರಾಗಿತ್ತು. ನನ್ನ ಆನ್‌ಲೈನ್ ಅಂಗಡಿಯ ಮುಂದಿನ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಸಾಲು ಹಿಡಿದಿದ್ದವು. ಊರ ಹೊರಗೆ ವೇ ಬ್ರಿಜ್ ಇಟ್ಟುಕೊಂಡಿರುವ ಕಾಕಾ ಒಬ್ಬರು ಕೈಯಲ್ಲಿ ಒಂದು ಚೀಟಿ ಹಿಡಿದು ಒಳಗೆ ಬಂದರು. ಅವರ ವೇ ಬ್ರಿಜ್‌ಗೆ ಹಾಕಿದ್ದ ಸರ್ಕಾರಿ ಮುದ್ರೆಯ ಅವಧಿ ಜನವರಿ 31ಕ್ಕೆ ಮುಗಿಯುತ್ತಿತ್ತು. ಇಂಥ ತೂಕದ ಯಂತ್ರಗಳನ್ನು ಹನ್ನೆರಡು ತಿಂಗಳಿಗೊಮ್ಮೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಬೇಕು ಎಂಬುದು ನಿಯಮ. ತಡವಾದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಮುದ್ರೆಯಿಲ್ಲದೆ ತೂಕ ಮಾಡಿದರೆ ಕೇಸಾಗುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಕಚೇರಿಯಲ್ಲಿ, ನಮ್ಮ ಜನ ಕರೆಯುವಂತೆ ತೂಕ-ಅಳತಿ ಆಫೀಸಿನಲ್ಲಿ, ಚೀಟಿಯ ಮೇಲೆ ಮೊತ್ತ ಬರೆದು ಚಲನ್ ಕಟ್ಟಿಕೊಂಡು ಬರಲು ಹೇಳಿದ್ದರು.

ಆ ಚಲನ್ ಕಟ್ಟಿ ಮುಗಿಸಲು ಐದು ನಿಮಿಷ ಸಾಕಿತ್ತು. ಆದರೆ ಅದು ಜೂನ್ ತಿಂಗಳವರೆಗೆ ಎಳೆದಾಡಿತು. ಯಾಕೆ ಎಂದು ತಿಳಿಯಬೇಕಾದರೆ ಚಲನ್ ಸಂಖ್ಯೆ ಎಂದರೆ ಏನು, ರೊಕ್ಕ ಕಟ್ಟಿದ ಸುದ್ದಿ ಕಚೇರಿಗೆ ಯಾವ ದಾರಿಯಲ್ಲಿ ಮುಟ್ಟುತ್ತದೆ ಎಂಬುದನ್ನು ನೋಡಬೇಕು. ಕಾಕಾ ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಮೊತ್ತವನ್ನು ಲೆಕ್ಕಕ್ಕೆ ಸುಲಭವಾಗಲಿ ಎಂದು 6,000 ರೂಪಾಯಿ ಎಂದಿಟ್ಟುಕೊಂಡಿದ್ದೇನೆ.

ಚಲನ್ ತೆಗೆಯುವುದು ಬೇರೆ, ಕಟ್ಟುವುದು ಬೇರೆ

ಕರ್ನಾಟಕ ಸರ್ಕಾರದ ಖಜಾನೆ ವ್ಯವಸ್ಥೆಯ ಹೆಸರು ಖಜಾನೆ-2. ಅದರ ತಾಣ k2.karnataka.gov.in. ಅಲ್ಲಿ ಯಾರು ಬೇಕಾದರೂ ಲಾಗಿನ್ ಇಲ್ಲದೆಯೇ ಚಲನ್ ತೆಗೆಯಬಹುದು. ಮೊದಲು ಹಣ ಕಟ್ಟುವವರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ತುಂಬಬೇಕು. ಆಮೇಲೆ ಜಿಲ್ಲೆ, ಇಲಾಖೆ, ಆ ಇಲಾಖೆಯ ಯಾವ ಕಚೇರಿ, ಯಾವ ಉದ್ದೇಶಕ್ಕೆ ಎಂದು ಒಂದೊಂದಾಗಿ ಆರಿಸಬೇಕು. ಉದ್ದೇಶ ಆರಿಸಿದ ಕೂಡಲೇ ಲೆಕ್ಕ ಶೀರ್ಷಿಕೆ ತಾನಾಗಿಯೇ ಬಂದು ಕೂರುತ್ತದೆ. ತೂಕ-ಅಳತೆಗಳಿಗೆ ಮುದ್ರೆ ಹಾಕುವ ಶುಲ್ಕಕ್ಕೆ ಅದು 1475ರಿಂದ ಶುರುವಾಗುತ್ತದೆ. ಮೊದಲ ನಾಲ್ಕು ಅಂಕಿ ಪ್ರಧಾನ ಶೀರ್ಷಿಕೆ, ಅದರೊಳಗೆ 106 ಎಂಬುದು ಮುದ್ರೆ ಶುಲ್ಕದ ಖಾನೆ. ಆಸ್ತಿ ನೋಂದಣಿಯ ಶುಲ್ಕವಾದರೆ 0030, ವಾಹನ ತೆರಿಗೆಯಾದರೆ 0041. ಸರ್ಕಾರದ ದೃಷ್ಟಿಯಲ್ಲಿ ಈ ಅಂಕಿ ಎಂದರೆ ಹಣ ಬಂದು ಬೀಳುವ ಡಬ್ಬಿ.

ಈ ಡಬ್ಬಿಯ ಜೊತೆಗೆ ಇನ್ನೊಂದು ವಿಷಯವಿದೆ, ಜನ ಎಡವುವುದು ಅಲ್ಲೇ. ತೆರೆಯ ಮೇಲೆ DDO Office ಎಂದು ಬರುವ ಜಾಗ ಅದು. ಡಿಡಿಒ ಎಂದರೆ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ, ಪ್ರತಿ ಕಚೇರಿಗೂ ಅವರದೊಂದು ಸಂಕೇತ ಸಂಖ್ಯೆ ಇರುತ್ತದೆ. ಹಣ ಯಾವ ಡಬ್ಬಿಗೆ ಎಂಬುದನ್ನು ಲೆಕ್ಕ ಶೀರ್ಷಿಕೆ ಹೇಳಿದರೆ, ಯಾವ ಕಚೇರಿಯ ಪರವಾಗಿ ಎಂಬುದನ್ನು ಡಿಡಿಒ ಸಂಕೇತ ಹೇಳುತ್ತದೆ. ಬಾಗಲಕೋಟೆ ಕಚೇರಿಯ ಅಧಿಕಾರಿ ತಮ್ಮ ಲಾಗಿನ್ನಿನಲ್ಲಿ ಪಟ್ಟಿ ತೆರೆದರೆ ಕಾಣುವುದು ತಮ್ಮ ಸಂಕೇತ ಹೊತ್ತ ಚಲನ್‌ಗಳು. ಪಕ್ಕದ ಜಿಲ್ಲೆಯ ಸಂಕೇತ ಹಾಕಿ ಕಟ್ಟಿದರೆ ಹಣ ಅದೇ ಡಬ್ಬಿಗೇ ಹೋಗುತ್ತದೆ, ಸರ್ಕಾರಕ್ಕೆ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಆದರೆ ಬಾಗಲಕೋಟೆಯವರ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಎಲ್ಲ ತುಂಬಿ ಒತ್ತಿದ ಮೇಲೆ ಒಂದು ಸಂಖ್ಯೆ ಹುಟ್ಟುತ್ತದೆ. ನನ್ನ ಅಂಗಡಿಯಲ್ಲಿ ತೆಗೆದ ಚಲನ್‌ಗಳ ಸಂಖ್ಯೆ ಈ ರೀತಿ ಇರುತ್ತದೆ:

```
CR0124147500XXXXXX
```

CR ಆದ ಮೇಲೆ ತಿಂಗಳು ಮತ್ತು ವರ್ಷ, ಆಮೇಲೆ ಪ್ರಧಾನ ಶೀರ್ಷಿಕೆಯ ನಾಲ್ಕು ಅಂಕಿ, ಕೊನೆಗೆ ಸರಣಿ ಸಂಖ್ಯೆ. ಹೀಗಾಗಿ ಸಂಖ್ಯೆ ನೋಡಿದರೇ ಇದು 2024ರ ಜನವರಿಯಲ್ಲಿ ತೆಗೆದ ತೂಕ-ಅಳತೆಯ ಚಲನ್ ಎಂದು ಹೇಳಬಹುದು. ಯಾವ ಕಚೇರಿಯದು ಎಂದು ಮಾತ್ರ ಸಂಖ್ಯೆಯಿಂದ ಗೊತ್ತಾಗುವುದಿಲ್ಲ, ಅದಕ್ಕೆ ಚಲನ್ ಪ್ರತಿಯನ್ನೇ ಓದಬೇಕು. ಈ ಮಾತು ಮುಂದೆ ಬೇಕಾಗುತ್ತದೆ.

ಸಂಖ್ಯೆ ಹುಟ್ಟಿತೆಂದರೆ ಹಣ ಕಟ್ಟಿದಂತಲ್ಲ. ಇಷ್ಟು ಹಣ, ಇಂಥ ಡಬ್ಬಿಗೆ, ಇಂಥ ಕಚೇರಿಯ ಹೆಸರಲ್ಲಿ ಕಟ್ಟಲಿದ್ದೇನೆ ಎಂದು ಖಜಾನೆಯ ಪುಸ್ತಕದಲ್ಲಿ ಬರೆಸಿದಂತಾಯಿತು, ಅಷ್ಟೇ. ಅದಕ್ಕೊಂದು ಕೊನೆಯ ದಿನವೂ ಚಲನ್ ಮೇಲೆ ಅಚ್ಚಾಗಿರುತ್ತದೆ, ಅಷ್ಟರೊಳಗೆ ಕಟ್ಟದಿದ್ದರೆ ಆ ಚಲನ್ ಸತ್ತಂತೆ. ವಾರಕ್ಕೆ ಒಬ್ಬರಾದರೂ ಕಟ್ಟದ ಚಲನ್ನಿನ ಪ್ರಿಂಟ್ ಹಿಡಿದು ಕಚೇರಿಗೆ ಹೋಗಿ ಬೈಸಿಕೊಂಡು ಬರುತ್ತಾರೆ. ಅವರ ತಪ್ಪು ಎನ್ನಲು ನನಗೆ ಮನಸ್ಸಾಗದು. ಸರ್ಕಾರದ ಲಾಂಛನ, ಹೆಸರು, ಮೊತ್ತ, ಸಂಖ್ಯೆ ಎಲ್ಲ ಇರುವ ಹಾಳೆ ರಶೀದಿಯಂತೆಯೇ ಕಾಣುತ್ತದೆ. ಕಟ್ಟಿದ ಮೇಲೆ ತೆಗೆದ ಪ್ರತಿಯಲ್ಲಿ ಮಾತ್ರ ಬ್ಯಾಂಕಿನ ವ್ಯವಹಾರ ಸಂಖ್ಯೆ ಮತ್ತು ಪಾವತಿಯ ದಿನಾಂಕ ಇರುತ್ತವೆ. ಅವೆರಡೂ ಇಲ್ಲದ ಹಾಳೆಗೆ ಯಾವ ಬೆಲೆಯೂ ಇಲ್ಲ.

ಗುರುವಾರ ಸಂಜೆ ಆದದ್ದು

ಕಾಕಾ ಅವರ ಚಲನ್ ನಾನೇ ತೆಗೆದೆ. ಜಿಲ್ಲೆ ಬಾಗಲಕೋಟೆ, ಕಚೇರಿ ಬಾಗಲಕೋಟೆ, ಮೊತ್ತ 6,000. ಅವರ ಖಾತೆಗೆ ನೆಟ್ ಬ್ಯಾಂಕಿಂಗ್ ಇತ್ತು, ಮಗ ಮಾಡಿಸಿಕೊಟ್ಟಿದ್ದ. ಖಜಾನೆ-2 ನಮ್ಮನ್ನು ಬ್ಯಾಂಕಿನ ಪುಟಕ್ಕೆ ಕಳಿಸಿತು. ಮೊಬೈಲ್‌ಗೆ ಒಟಿಪಿ ತಡವಾಗಿ ಬಂತು, ಹಾಕಿದೆವು. ಪುಟ ಬಿಳಿಯಾಗಿ ನಿಂತುಬಿಟ್ಟಿತು. ಒಂದು ನಿಮಿಷದಲ್ಲಿ ಕಾಕಾ ಅವರ ಫೋನಿಗೆ 6,000 ರೂಪಾಯಿ ಕಡಿತವಾದ ಮೆಸೇಜ್ ಬಂತು. ನನ್ನ ತೆರೆ ಮಾತ್ರ ಬಿಳಿಯಾಗಿಯೇ ಉಳಿಯಿತು.

ಚಲನ್ ಸಂಖ್ಯೆ ಹಾಕಿ ಸ್ಥಿತಿ ಹುಡುಕಿದೆ. ಪಾವತಿ ಬಾಕಿ ಎಂದೇ ತೋರಿಸಿತು.

"ರೊಕ್ಕ ಕಟ್ ಆಗೇತಲ್ಲೋ ತಮ್ಮಾ, ಮತ್ತ ಬಾಕಿ ಹೆಂಗ?" ಎಂದು ಕೇಳಿದರು.

"ಕಾಕಾ, ಬ್ಯಾಂಕಿನವ್ರು ತಗೊಂಡಾರ. ತಗೊಂಡೀವಿ ಅಂತ ಇವ್ರಿಗೆ ಇನ್ನೂ ಹೇಳಿಲ್ಲ. ಇದ ನಂಬರ್ ಹಿಡ್ಕೊಂಡು ಕೂಡೂಣು. ಮತ್ತೊಂದ್ಸಲ ಕಟ್ಟಬ್ಯಾಡ್ರಿ."

ಹೇಳಿದೆ, ಆದರೆ ಯಾಕೆ ಕಟ್ಟಬಾರದು ಎಂದು ಬಿಡಿಸಿ ಹೇಳಲಿಲ್ಲ. ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು. ಆವತ್ತು ಹತ್ತು ನಿಮಿಷ ಕೂತು ತಿಳಿಸಿದ್ದರೆ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಅವರಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತೇನೆ.

ತೆರೆಯ ಹಿಂದೆ ಸುದ್ದಿ ಹೇಗೆ ಓಡಾಡುತ್ತದೆ

ನೆಟ್ ಬ್ಯಾಂಕಿಂಗ್ ಆರಿಸಿದಾಗ ಖಜಾನೆ-2 ಬ್ಯಾಂಕಿಗೆ ಒಂದು ಪೊಟ್ಟಣ ಕಟ್ಟಿ ಕಳಿಸುತ್ತದೆ. ಅದರಲ್ಲಿ ಚಲನ್ ಸಂಖ್ಯೆ, ಮೊತ್ತ, ಮತ್ತು ಇವೆರಡನ್ನೂ ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ತೋರಿಸುವ ಒಂದು ಗುಪ್ತ ಮೊಹರು ಇರುತ್ತದೆ. ಈ ಪೊಟ್ಟಣ ಹೋಗುವುದು ನಮ್ಮ ಬ್ರೌಸರ್ ಮೂಲಕವೇ. ಬ್ಯಾಂಕು ಖಾತೆಯಿಂದ ಹಣ ತೆಗೆದು, ತನ್ನದೊಂದು ವ್ಯವಹಾರ ಸಂಖ್ಯೆ ಸೇರಿಸಿ, ಉತ್ತರದ ಪೊಟ್ಟಣವನ್ನು ಅದೇ ಬ್ರೌಸರ್ ಮೂಲಕ ಹಿಂದಕ್ಕೆ ಕಳಿಸುತ್ತದೆ. ಆ ಉತ್ತರ ಬಂದ ಮೇಲೇ ಖಜಾನೆ-2 ಚಲನ್ನಿನ ಮೇಲೆ ಪಾವತಿಯಾಗಿದೆ ಎಂದು ಬರೆಯುವುದು.

ಆವತ್ತು ಹೋಗುವ ಪೊಟ್ಟಣ ಹೋಯಿತು, ಬ್ಯಾಂಕು ತನ್ನ ಕೆಲಸವನ್ನೂ ಮಾಡಿತು. ಹಿಂದಿರುಗುವ ಪೊಟ್ಟಣ ದಾರಿಯಲ್ಲಿ ಬಿತ್ತು. ಬ್ಯಾಂಕಿನ ಪುಸ್ತಕದಲ್ಲಿ ಇದು ಪೂರ್ಣವಾದ ವ್ಯವಹಾರ, ಹಾಗಾಗಿ ತಾನಾಗಿ ಹಣ ವಾಪಸ್ ಕೊಡಲು ಅದಕ್ಕೆ ಕಾರಣವೇ ಇಲ್ಲ. ಖಜಾನೆಯ ಪುಸ್ತಕದಲ್ಲಿ ಇದು ಇನ್ನೂ ಶುರುವಾಗದ ವ್ಯವಹಾರ. ಇಬ್ಬರೂ ತಮ್ಮ ತಮ್ಮ ಪುಸ್ತಕದ ಪ್ರಕಾರ ನಿಜವನ್ನೇ ಹೇಳುತ್ತಿದ್ದಾರೆ.

ಹೀಗೆ ಆಗುತ್ತದೆಂದು ಗೊತ್ತಿರುವುದರಿಂದಲೇ ಎರಡನೇ ದಾರಿಯೊಂದನ್ನು ಇಟ್ಟಿದ್ದಾರೆ. ಬ್ರೌಸರನ್ನು ನಡುವೆ ತರದೆ ಖಜಾನೆಯ ಸರ್ವರ್ ನೇರವಾಗಿ ಬ್ಯಾಂಕಿನ ಸರ್ವರನ್ನು ಕೇಳುತ್ತದೆ: ಈ ಸಂಖ್ಯೆಯ ಚಲನ್‌ಗೆ ಇಷ್ಟು ಹಣ ಬಂದಿದೆಯೇ? ಬ್ಯಾಂಕು ಹೌದು ಎಂದರೆ ಬಾಕಿ ಹೋಗಿ ಪಾವತಿ ಎಂದಾಗುತ್ತದೆ, ಇಲ್ಲ ಎಂದರೆ ವಿಫಲ ಎಂದಾಗುತ್ತದೆ. ಇದನ್ನು ಮರುಪರಿಶೀಲನೆ ಎನ್ನುತ್ತಾರೆ. ಈ ಪ್ರಶ್ನೆಯ ಬೆನ್ನೆಲುಬು ಚಲನ್ ಸಂಖ್ಯೆ. ಬ್ಯಾಂಕಿನ ಬಳಿ ಕಾಕಾ ಅವರ ಹೆಸರಿನ ಎಷ್ಟೋ ಖಾತೆಗಳಿರಬಹುದು, 6,000 ರೂಪಾಯಿಯ ಎಷ್ಟೋ ವ್ಯವಹಾರಗಳಿರಬಹುದು. ಆದರೆ ಆ ಸಂಖ್ಯೆ ಇರುವುದು ಒಂದೇ.

ಮೂರನೇ ದಾರಿ ಎಲ್ಲಕ್ಕಿಂತ ನಿಧಾನ, ಎಲ್ಲಕ್ಕಿಂತ ಗಟ್ಟಿ. ರಾಜ್ಯ ಸರ್ಕಾರದ ಖಾತೆ ಇರುವುದು ಭಾರತೀಯ ರಿಸರ್ವ್ ಬ್ಯಾಂಕಿನಲ್ಲಿ. ನಮ್ಮೂರಿನ ಬ್ಯಾಂಕುಗಳು ಅದರ ಏಜೆಂಟರಾಗಿ ಹಣ ಸ್ವೀಕರಿಸುತ್ತವೆ. ಆನ್‌ಲೈನಿನಲ್ಲಿ ಬಂದ ಸರ್ಕಾರಿ ಹಣವನ್ನು ಅವು ಮುಂದಿನ ಕೆಲಸದ ದಿನದೊಳಗೆ ಸರ್ಕಾರದ ಖಾತೆಗೆ ಮುಟ್ಟಿಸಬೇಕು, ತಡಮಾಡಿದರೆ ದಂಡ ಬಡ್ಡಿ ತೆರಬೇಕು. ಹಣದ ಜೊತೆಗೆ ಒಂದು ಪಟ್ಟಿಯೂ ಹೋಗುತ್ತದೆ, ಸ್ಕ್ರೋಲ್ ಎನ್ನುತ್ತಾರೆ. ಯಾವ ಚಲನ್ ಸಂಖ್ಯೆಗೆ ಎಷ್ಟು ಹಣ, ಯಾವ ದಿನ ಎಂಬ ಸಾಲು ಸಾಲು ಲೆಕ್ಕ ಅದರಲ್ಲಿರುತ್ತದೆ. ಖಜಾನೆ ಆ ಪಟ್ಟಿಯನ್ನು ತನ್ನ ಚಲನ್‌ಗಳ ಎದುರು ಇಟ್ಟು ಒಂದೊಂದೇ ತಾಳೆ ನೋಡುತ್ತದೆ. ಮೊದಲೆರಡು ದಾರಿಗಳಲ್ಲಿ ಬರುವುದು ಬಾಯಿಮಾತು, ಸ್ಕ್ರೋಲಿನ ಜೊತೆ ಬರುವುದು ರೊಕ್ಕ.

ಮುಂದಿನ ಕೆಲಸದ ದಿನ ಎಂಬ ಮಾತನ್ನು ಗಮನಿಸಿ. ಗುರುವಾರ ಜನವರಿ 25. ಶುಕ್ರವಾರ ಗಣರಾಜ್ಯೋತ್ಸವ. ಶನಿವಾರ 27, ತಿಂಗಳ ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಆಮೇಲೆ ಭಾನುವಾರ. ಅಂದರೆ ಗುರುವಾರ ಸಂಜೆಯ ವ್ಯವಹಾರಕ್ಕೆ ಮುಂದಿನ ಕೆಲಸದ ದಿನ ಬರುವುದು ಸೋಮವಾರ 29ಕ್ಕೆ. ಆವತ್ತೇ ಕ್ಯಾಲೆಂಡರ್ ನೋಡಿ ಈ ಮಾತು ಹೇಳಿದ್ದರೆ ಕಾಕಾ ನಿಶ್ಚಿಂತೆಯಿಂದ ಇರುತ್ತಿದ್ದರು. ಚಲನ್‌ನಲ್ಲಿ ಪಾವತಿಯ ದಿನಾಂಕ ಎಂದು ಬರುವುದು ಅವರು ಕಟ್ಟಿದ 25ನೇ ತಾರೀಖು, ಸ್ಕ್ರೋಲ್ ಬಂದ ತಾರೀಖಲ್ಲ. ನಡುವೆ ಬರುವ ರಜೆಗಳಿಂದ ಅವರ 31ರ ಗಡುವಿಗೆ ಧಕ್ಕೆಯೇ ಇರಲಿಲ್ಲ.

ಇನ್ನೊಂದು ಸಾಧ್ಯತೆಯೂ ಇದೆ, ಅದನ್ನು ಮುಚ್ಚಿಡಬಾರದು. ಕೆಲವೊಮ್ಮೆ ಖಾತೆಯಿಂದ ಹಣ ಹೋಗಿರುತ್ತದೆ, ಆದರೆ ಬ್ಯಾಂಕಿನ ಒಳಗೇ ಎಲ್ಲೋ ಸಿಕ್ಕಿಕೊಂಡು ಸರ್ಕಾರದ ಪಾಲಿಗೆ ಸೇರಿರುವುದಿಲ್ಲ. ಆಗ ಚಲನ್ ವಿಫಲವಾಗುತ್ತದೆ, ಹಣ ಅದೇ ಖಾತೆಗೆ ಹಿಂದಿರುಗುತ್ತದೆ, ಸ್ಟೇಟ್‌ಮೆಂಟಿನಲ್ಲಿ ಹೋದ ಸಾಲಿನ ಸಂಖ್ಯೆಯೇ ಬಂದ ಸಾಲಿನಲ್ಲೂ ಕಾಣುತ್ತದೆ. ಮೊದಲ ಕೆಲವು ತಾಸು ಈ ಎರಡರಲ್ಲಿ ಯಾವುದು ಆಗಿದೆ ಎಂದು ಹೊರಗಿನಿಂದ ಯಾರೂ ಹೇಳಲಾರರು, ನಾನೂ ಹೇಳಲಾರೆ. ಕಡಿತದ ಮೆಸೇಜ್ ಎರಡರಲ್ಲೂ ಒಂದೇ ಥರ ಇರುತ್ತದೆ. ಅದಕ್ಕೇ ಕಾಯಬೇಕು ಎನ್ನುವುದು. ಬಾಕಿ ಎಂಬ ಸ್ಥಿತಿ ಪಾವತಿ ಅಥವಾ ವಿಫಲ ಎಂಬ ಎರಡರಲ್ಲಿ ಒಂದಕ್ಕೆ ತಿರುಗುವವರೆಗೆ ಹೊಸ ಚಲನ್ ತೆಗೆಯಬಾರದು.

ಎರಡನೇ ಚಲನ್

ಕಾಕಾ ಅವರಿಗೆ ರಾತ್ರಿ ನಿದ್ದೆ ಬರಲಿಲ್ಲವಂತೆ. ಶುಕ್ರವಾರ ಧ್ವಜಾರೋಹಣ ಮುಗಿಸಿ ಬೇರೆ ಊರಿನಲ್ಲಿರುವ ಅಳಿಯನಿಗೆ ಫೋನ್ ಮಾಡಿದರು. ಅಳಿಯ ತನ್ನ ಪರಿಚಯದ ಅಂಗಡಿಯಲ್ಲಿ ಹೊಸ ಚಲನ್ ತೆಗೆಸಿದ, ಈ ಸಲ ನೆಫ್ಟ್ ದಾರಿ ಆರಿಸಿದ. ನೆಫ್ಟ್ 2019ರ ಡಿಸೆಂಬರ್ 16ರಿಂದ ದಿನದ ಇಪ್ಪತ್ನಾಲ್ಕು ತಾಸೂ ನಡೆಯುತ್ತದೆ, ಅರ್ಧ ತಾಸಿಗೊಂದು ಕಂತು. ಬ್ಯಾಂಕಿಗೆ ರಜೆ ಇದ್ದರೂ ಅಡ್ಡಿಯಿಲ್ಲ. ಚಲನ್ ಮೇಲೆ ಅಚ್ಚಾಗಿರುವ ಖಾತೆಯ ವಿವರವನ್ನು ಮೊಬೈಲ್ ಬ್ಯಾಂಕಿಂಗಿನಲ್ಲಿ ಹಾಕಿ 6,000 ಕಳಿಸಿದ.

ನೆಫ್ಟ್ ದಾರಿಯಲ್ಲಿ ಹಣ ನೇರ ರಿಸರ್ವ್ ಬ್ಯಾಂಕಿಗೆ ಹೋಗಿ ಚಲನ್ ವಿವರದೊಂದಿಗೆ ತಾಳೆಯಾಗುತ್ತದೆ. ಮೊತ್ತದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ, ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ತಾಳೆಯಾಗದೆ ಹಿಂದಿರುಗುತ್ತದೆ. ಅಳಿಯ ಓದು ಬಲ್ಲವ, ಒಂದು ಅಂಕಿಯೂ ತಪ್ಪಲಿಲ್ಲ. ಹಣ ಸರಿಯಾಗಿ ಹೋಗಿ ಸೇರಿತು. ತಪ್ಪಿದ್ದರೆ ಒಳ್ಳೆಯದಿತ್ತು ಎಂದು ಆಮೇಲೆ ಅನಿಸಿತು, ಯಾಕೆಂದರೆ ತಪ್ಪಿದ್ದರೆ ಹಣ ತಾನಾಗಿಯೇ ವಾಪಸ್ ಬರುತ್ತಿತ್ತು.

ಆ ಅಂಗಡಿ ಇದ್ದದ್ದು ವಿಜಯಪುರ ಜಿಲ್ಲೆಯಲ್ಲಿ. ಅಲ್ಲಿಯ ಹುಡುಗ ದಿನವೂ ತೆಗೆಯುವ ರೂಢಿಯಲ್ಲಿ ಜಿಲ್ಲೆ ವಿಜಯಪುರ, ಕಚೇರಿ ವಿಜಯಪುರ ಎಂದು ಆರಿಸಿಬಿಟ್ಟಿದ್ದ. ಸಂಖ್ಯೆ ನೋಡಿದರೆ ತಪ್ಪು ಗೊತ್ತಾಗುವುದಿಲ್ಲ, ಅದೂ CR0124147500 ಎಂದೇ ಶುರುವಾಗುತ್ತದೆ.

ಸೋಮವಾರ, ಕಚೇರಿಯಲ್ಲಿ

29ರಂದು ನಾನೂ ಕಾಕಾ ಅವರ ಜೊತೆ ಬಾಗಲಕೋಟೆಗೆ ಹೋದೆ. ಅವರು ಮೊದಲು ತೋರಿಸಿದ್ದು ಫೋನಿನ ಕಡಿತದ ಮೆಸೇಜ್. ಅಧಿಕಾರಿ ಅದನ್ನು ಓದಲೂ ಇಲ್ಲ.

"ಯಜಮಾನ್ರ, ಇದು ನಿಮಗ ಬ್ಯಾಂಕಿನವ್ರು ಹೇಳಿದ್ದು. ನನಗ ಖಜಾನಿ ಹೇಳಬೇಕ್ರಿ. ಚಲನ್ ನಂಬರ್ ಕೊಡ್ರಿ."

ಆ ಮಾತು ಕೇಳಿ ಕಾಕಾ ಅವರ ಮುಖ ಬಾಡಿತು. ನನಗೆ ಮಾತ್ರ ಅದು ಬಹಳ ಸರಿ ಎನಿಸಿತು. ನಾವು ಒಯ್ಯುವ ಮೆಸೇಜಾಗಲಿ, ಪ್ರಿಂಟಾಗಲಿ ಕಚೇರಿಗೆ ದೃಢೀಕರಣವಾಗಲಾರದು. ಅದು ನಮ್ಮ ಕೈಯಿಂದ ಬಂದದ್ದು, ತಿದ್ದಿರಲೂಬಹುದು, ಹಳೆಯದಿರಲೂಬಹುದು. ಅಧಿಕಾರಿ ತಾವೇ ಸಂಖ್ಯೆ ಹಾಕಿ ಖಜಾನೆಯ ದಾಖಲೆಯಲ್ಲಿ ನೋಡಿದ್ದೇ ದೃಢೀಕರಣ. ಕೆಲವು ಇಲಾಖೆಗಳಲ್ಲಿ ಈ ಕೆಲಸವನ್ನು ಇಲಾಖೆಯ ತಂತ್ರಾಂಶವೇ ಮಾಡುತ್ತದೆ: ನಾವು ಅರ್ಜಿ ಹಾಕಿದಲ್ಲಿಂದಲೇ ಚಲನ್ ಹುಟ್ಟುತ್ತದೆ, ಪಾವತಿಯಾದ ಸುದ್ದಿಯನ್ನು ಖಜಾನೆ-2 ಆ ತಂತ್ರಾಂಶಕ್ಕೇ ತಿಳಿಸುತ್ತದೆ, ಅರ್ಜಿ ತಾನಾಗಿ ಮುಂದೆ ಹೋಗುತ್ತದೆ. ಹಾಗೆ ಜೋಡಣೆಯಿಲ್ಲದ ಕಡೆ ಅಧಿಕಾರಿಯ ಬೆರಳು ಆ ಕೆಲಸ ಮಾಡಬೇಕು.

ಮೊದಲ ಸಂಖ್ಯೆ ಹಾಕಿದರು. ನಮ್ಮ ಗುರುವಾರದ ಚಲನ್ ಬಾಕಿಯಿಂದ ಪಾವತಿಗೆ ತಿರುಗಿತ್ತು. ದಿನಾಂಕ 25, ಬ್ಯಾಂಕಿನ ವ್ಯವಹಾರ ಸಂಖ್ಯೆ, ಬಾಗಲಕೋಟೆಯ ಕಚೇರಿ, 6,000. ಅಧಿಕಾರಿ ಸಂಖ್ಯೆಯನ್ನು ತಮ್ಮ ರಿಜಿಸ್ಟರಿಗೆ ಬರೆದುಕೊಂಡು ಎದುರಿಗೆ ಕಾಕಾ ಅವರ ವೇ ಬ್ರಿಜ್‌ನ ವಿವರ ಹಾಕಿದರು. ಇದೂ ಮುಖ್ಯ. ಒಂದು ಚಲನ್ ಒಂದೇ ಕೆಲಸಕ್ಕೆ. ಬಳಸಿದ ಸಂಖ್ಯೆಗೆ ಗುರುತು ಮಾಡದಿದ್ದರೆ ಅದೇ ಚಲನ್ ಹಿಡಿದು ಇನ್ನೊಬ್ಬರು ಬರಬಹುದು. ಪರೀಕ್ಷಾ ಬಟ್ಟುಗಳೊಂದಿಗೆ ಬುಧವಾರ ಬರುವುದಾಗಿ ಹೇಳಿದರು, ಬುಧವಾರ ಎಂದರೆ 31. ಬಂದರು, ಮುದ್ರೆ ಬಿತ್ತು. ಆ ಭಾಗ ಅಷ್ಟಕ್ಕೆ ಮುಗಿಯಿತು.

ಎರಡನೇ ಸಂಖ್ಯೆ ಹಾಕಿದಾಗ ಅದೂ ಪಾವತಿ ಎಂದೇ ತೋರಿಸಿತು, ಆದರೆ ಕಚೇರಿ ವಿಜಯಪುರ. "ಇದು ನಮ್ದಲ್ಲ ನೋಡ್ರಿ. ಇದರ ಬಗ್ಗೆ ನಾನು ಏನೂ ಮಾಡಾಕ ಬರಂಗಿಲ್ಲ" ಎಂದರು ಅಧಿಕಾರಿ.

"ಅದೂ ಸರ್ಕಾರ, ಇದೂ ಸರ್ಕಾರ. ಇತ್ಲಾಗ ಹೊಳ್ಳಿಸಿ ಕೊಟ್ರ ಮುಗೀತಲ್ರೀ ಸಾಹೇಬ್ರ?" ಎಂದರು ಕಾಕಾ.

ಒಳಗೆ ಹೋದ ರೊಕ್ಕ ಹೊರಗೆ ಬರುವುದು

ಕಾಕಾ ಕೇಳಿದ್ದು ನ್ಯಾಯವಾದ ಪ್ರಶ್ನೆ. ಅಂಗಡಿಯಲ್ಲಿ ಎರಡು ಸಲ ಫೋನ್ ಪೇ ಮಾಡಿದರೆ ಅಂಗಡಿಯವ ಕೂಡಲೇ ತಿರುಗಿ ಹಾಕುತ್ತಾನೆ. ಸರ್ಕಾರ ಹಾಗೆ ಮಾಡಲಾರದು. ಶುಲ್ಕವಾಗಿ ಬಂದ ಹಣ ರಾಜ್ಯದ ಸಂಚಿತ ನಿಧಿಗೆ ಸೇರುತ್ತದೆ. ಸಂವಿಧಾನದ 266ನೇ ವಿಧಿಯ ಪ್ರಕಾರ ಕಾನೂನಿನ ದಾರಿಯಲ್ಲಲ್ಲದೆ ಅದರಿಂದ ಒಂದು ರೂಪಾಯಿಯನ್ನೂ ಯಾರೂ ತೆಗೆಯುವಂತಿಲ್ಲ. ಒಳಗೆ ಹೋಗಲು ಒಂದು ಬಟನ್ ಸಾಕು, ಹೊರಗೆ ಬರಲು ಆದೇಶ ಬೇಕು, ಬಿಲ್ ಬೇಕು, ಖಜಾನೆಯ ಒಪ್ಪಿಗೆ ಬೇಕು. ಬ್ಯಾಂಕಿನಲ್ಲಿ ದೂರು ಕೊಟ್ಟರೂ ಪ್ರಯೋಜನವಿಲ್ಲ, ಯಾಕೆಂದರೆ ಎರಡನೇ ವ್ಯವಹಾರದಲ್ಲಿ ಬ್ಯಾಂಕಿನ ಕಡೆ ಯಾವ ದೋಷವೂ ಇಲ್ಲ. ಹೇಳಿದ ಜಾಗಕ್ಕೆ ಹೇಳಿದಷ್ಟು ಹಣ ಮುಟ್ಟಿಸಿದೆ.

ಅರ್ಜಿ ಕೊಡಬೇಕಾದದ್ದು ಚಲನ್ ಮೇಲೆ ಯಾರ ಡಿಡಿಒ ಸಂಕೇತವಿದೆಯೋ ಆ ಕಚೇರಿಗೆ. ನಾವು ವಿಜಯಪುರಕ್ಕೆ ಹೋದೆವು. ಅಲ್ಲಿಯವರಿಗೆ ಕಾಕಾ ಯಾರೆಂದೇ ಗೊತ್ತಿಲ್ಲ, ಅವರ ಜಿಲ್ಲೆಯಲ್ಲಿ ಇವರ ವೇ ಬ್ರಿಜ್ ಇಲ್ಲ. ಆದರೂ ಸಮಾಧಾನದಿಂದ ಕೇಳಿಸಿಕೊಂಡರು. ಅರ್ಜಿಯ ಜೊತೆ ಎರಡನೇ ಚಲನ್ನಿನ ಪಾವತಿಯಾದ ಪ್ರತಿ, ನೆಫ್ಟ್ ವ್ಯವಹಾರಕ್ಕೆ ಬ್ಯಾಂಕು ಕೊಡುವ ಗುರುತಿನ ಸಂಖ್ಯೆ, ಅಂದರೆ ಯುಟಿಆರ್ ಸಂಖ್ಯೆ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್, ಹಣ ಹಿಂದಿರುಗಿಸಬೇಕಾದ ಖಾತೆಯ ರದ್ದು ಮಾಡಿದ ಚೆಕ್ ಕೊಟ್ಟೆವು. ಇವುಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಬಾಗಲಕೋಟೆಯ ಕಚೇರಿಯಿಂದ ತಂದ ಒಂದು ಪತ್ರ. ಈ ವೇ ಬ್ರಿಜ್‌ನ ಶುಲ್ಕವನ್ನು ಇಂಥ ಸಂಖ್ಯೆಯ ಮೊದಲ ಚಲನ್ ಎದುರು ಪಡೆಯಲಾಗಿದೆ, ಎರಡನೆಯದನ್ನು ಬಳಸಿಲ್ಲ ಎಂದು ಅದರಲ್ಲಿ ಬರೆದಿತ್ತು. ಅದರ ಮೇಲೆ ವಿಜಯಪುರದವರು ತಮ್ಮಲ್ಲೂ ಆ ಚಲನ್ ಯಾವ ಕೆಲಸಕ್ಕೂ ಬಳಕೆಯಾಗಿಲ್ಲ ಎಂದು ರಿಜಿಸ್ಟರ್ ನೋಡಿ ಖಚಿತಪಡಿಸಿಕೊಂಡರು. ಮರುಪಾವತಿಯ ಇಡೀ ಕಡತ ನಿಲ್ಲುವುದು ಈ ಒಂದು ಸಾಲಿನ ಮೇಲೆ: ಹಣ ಬಂದಿದೆ, ಆದರೆ ಅದರ ಎದುರು ಸೇವೆ ಕೊಟ್ಟಿಲ್ಲ.

ಇನ್ನೊಂದು ತೊಡಕು ಆಮೇಲೆ ಕಾಣಿಸಿತು. ಎರಡನೇ ಚಲನ್ ಇದ್ದದ್ದು ಕಾಕಾ ಅವರ ಹೆಸರಿನಲ್ಲಿ, ಹಣ ಹೋದದ್ದು ಅಳಿಯನ ಖಾತೆಯಿಂದ. ಯಾರಿಗೆ ಹಿಂದಿರುಗಿಸಬೇಕು? ಅಳಿಯ ಒಂದು ಒಪ್ಪಿಗೆ ಪತ್ರ ಬರೆದುಕೊಟ್ಟ ಮೇಲೆ ಅದು ಬಗೆಹರಿಯಿತು. ಆದರೆ ಅದಕ್ಕೇ ಮೂರು ವಾರ ಹೋಯಿತು. ಆ ಹೊತ್ತಿಗೆ ಮಾರ್ಚ್ ಬಂದಿತ್ತು. ಆರ್ಥಿಕ ವರ್ಷದ ಕೊನೆಯ ತಿಂಗಳಲ್ಲಿ ಖಜಾನೆಯ ಮುಂದೆ ಬಿಲ್ಲುಗಳ ರಾಶಿ ಇರುತ್ತದೆ, 6,000 ರೂಪಾಯಿಯ ಮರುಪಾವತಿಗೆ ಯಾರೂ ಆತುರಪಡುವುದಿಲ್ಲ. ಏಪ್ರಿಲ್‌ನಲ್ಲಿ ಕಡತ ಮತ್ತೆ ಎದ್ದಿತು. ಮಂಜೂರಾತಿ ಆದೇಶವಾಯಿತು, ಅದರ ಮೇಲೆ ಮರುಪಾವತಿಯ ಬಿಲ್ ತಯಾರಾಗಿ ಖಜಾನೆಗೆ ಹೋಯಿತು. ಸರ್ಕಾರದ ಲೆಕ್ಕದಲ್ಲಿ ಇದನ್ನು ಖರ್ಚು ಎಂದು ಬರೆಯುವುದಿಲ್ಲ. ಬಂದ ಅದೇ 1475ರ ಪ್ರಧಾನ ಶೀರ್ಷಿಕೆಯಡಿ, ಮರುಪಾವತಿಗೆಂದೇ ಇರುವ 900 ಎಂಬ ಖಾನೆಯಲ್ಲಿ, ಆದಾಯದಿಂದ ಕಳೆದು ತೋರಿಸುತ್ತಾರೆ.

ಎರಡು ಜಿಲ್ಲೆಗಳ ನಡುವಿನ ಓಡಾಟ, ಬಸ್ ಚಾರ್ಜು, ಹಂಗಾಮಿನಲ್ಲಿ ವೇ ಬ್ರಿಜ್ ಬಿಟ್ಟು ಹೋದ ದಿನಗಳು, ಇವುಗಳ ಲೆಕ್ಕ ಯಾವ ಶೀರ್ಷಿಕೆಯಲ್ಲೂ ಇಲ್ಲ.

ಈ ಪ್ರಕರಣದ ನಂತರ ನನ್ನ ಅಂಗಡಿಯಲ್ಲಿ ಕೆಲವು ಪದ್ಧತಿ ಬದಲಾಗಿವೆ. ಚಲನ್ ತೆಗೆದ ಮೇಲೆ, ಹಣ ಕಟ್ಟುವ ಮೊದಲು, ಕಚೇರಿಯ ಹೆಸರನ್ನು ಗಿರಾಕಿಯಿಂದಲೇ ಜೋರಾಗಿ ಓದಿಸುತ್ತೇನೆ. ಓದಲು ಬಾರದವರಿಗೆ ನಾನೇ ಓದಿ ಹೇಳಿ ಹೌದು ಎನಿಸಿಕೊಳ್ಳುತ್ತೇನೆ. ಮೊಬೈಲ್ ಸಂಖ್ಯೆ ಅವರದ್ದನ್ನೇ ಹಾಕುತ್ತೇನೆ. ಅಂಗಡಿಯದ್ದು ಹಾಕಿದರೆ ಸುದ್ದಿ ನನಗೆ ಬರುತ್ತದೆ, ಬೇಕಾದವರಿಗೆ ಬರುವುದಿಲ್ಲ. Purpose Specific ID ಎಂಬ ಜಾಗ ಇದ್ದರೆ ಅದನ್ನು ಖಾಲಿ ಬಿಡದೆ ಅರ್ಜಿ ಸಂಖ್ಯೆಯನ್ನೋ ಯಂತ್ರದ ಸಂಖ್ಯೆಯನ್ನೋ ಬರೆಯುತ್ತೇನೆ, ಈ ಹಣ ಯಾವುದಕ್ಕೆ ಎಂದು ಕಚೇರಿಯವರು ಮತ್ತೆ ಕೇಳುವುದು ತಪ್ಪುತ್ತದೆ. ಪುಟ ನಿಂತರೆ ಗಿರಾಕಿಗೆ ಒಂದು ಚೀಟಿ ಬರೆದುಕೊಡುತ್ತೇನೆ: ಚಲನ್ ಸಂಖ್ಯೆ, ಹಣ ಕಡಿತವಾದ ದಿನ ಮತ್ತು ಹೊತ್ತು, ಬ್ಯಾಂಕಿನ ವ್ಯವಹಾರ ಸಂಖ್ಯೆ, ಮುಂದಿನ ಕೆಲಸದ ದಿನ ಯಾವುದು. ಆ ದಿನ ಸಂಜೆಯ ಹೊತ್ತಿಗೂ ಬಾಕಿ ಎಂದೇ ಇದ್ದರೆ ಅದೇ ಚೀಟಿ ಹಿಡಿದು ಮೊದಲು ಬ್ಯಾಂಕಿನ ಶಾಖೆಗೆ ಹೋಗಬೇಕು, ಸರ್ಕಾರಕ್ಕೆ ಹಣ ಮುಂದೆ ಕಳಿಸಿದ್ದೀರಾ ಎಂದು ಬರವಣಿಗೆಯಲ್ಲಿ ಕೇಳಬೇಕು. ಕಳಿಸಿದ್ದೇವೆ ಎಂದರೆ ಆ ಉತ್ತರದೊಂದಿಗೆ ಜಿಲ್ಲಾ ಖಜಾನೆಗೆ ಹೋಗಬೇಕು. ಖಜಾನೆಯವರು ಸ್ಕ್ರೋಲಿನಲ್ಲಿ ಹುಡುಕುವುದೂ ಅದೇ ಸಂಖ್ಯೆಯಿಂದ.

ಜೂನ್ ಮೊದಲ ವಾರ ಕಾಕಾ ಅವರ ಅಳಿಯನ ಫೋನಿಗೆ 6,000 ರೂಪಾಯಿ ಜಮೆಯಾದ ಮೆಸೇಜ್ ಬಂತು. ಕಾಕಾ ಆ ಮೆಸೇಜನ್ನು ನನಗೆ ತೋರಿಸಲು ಬಂದರು. ತೋರಿಸಿದವರೇ ತಡೆದು, "ಬ್ಯಾಂಕಿನ ಮೆಸೇಜ್ ಸಾಕೇನೋ ತಮ್ಮಾ, ಇಲ್ಲಾ ಪಾಸ್‌ಬುಕ್ಕಿನ್ಯಾಗ ಎಂಟ್ರಿ ಹಾಕಿಸಿ ನೋಡೂಣೋ?" ಎಂದು ಕೇಳಿದರು. ಎಂಟ್ರಿ ಹಾಕಿಸಿಯೇ ನೋಡೋಣ ಎಂದೆ. ಮರುದಿನ ಅಳಿಯ ಪಾಸ್‌ಬುಕ್ಕಿನ ಫೋಟೋ ಕಳಿಸಿದ, ಜಮೆಯ ಸಾಲು ಅಲ್ಲಿತ್ತು.